ಮನೋವಿಜ್ಞಾನದ ಸಿದ್ಧಾಂತಗಳನ್ನು ಹೋಲಿಸುವ ಟಿಪ್ಪಣಿ: ಭಾವನೆಯ ಮೂರು ಸಿದ್ಧಾಂತಗಳನ್ನಿಟ್ಟುಕೊಂಡು ಹಂತ ಹಂತವಾಗಿ

ನಾಲ್ಕು ಕಾಲಂ ಎಳೆಯುವುದು ಎಲ್ಲರಿಗೂ ಗೊತ್ತು: ಮೂಲ ವಾದ, ಪುರಾವೆ, ಟೀಕೆ, ಉಪಯೋಗ. ಪಠ್ಯಪುಸ್ತಕ ತೆರೆದು ಒಂದು ಸಿದ್ಧಾಂತದ ಸಾಲು ತುಂಬಿಸುತ್ತಾರೆ, ಆಮೇಲೆ ಮುಂದಿನದು. ಹಾಳೆ ತುಂಬಿರುತ್ತದೆ. ಆದರೆ ಪರೀಕ್ಷೆಯಲ್ಲಿ "ಹೋಲಿಸಿ ಬರೆಯಿರಿ" ಎಂದು ಕೇಳಿದಾಗ ಮೂರು ಸಿದ್ಧಾಂತಗಳ ಮೇಲೆ ಮೂರು ಬೇರೆ ಬೇರೆ ಪ್ಯಾರಾಗಳು ಬರುತ್ತವೆ, ಹೋಲಿಕೆ ಎಲ್ಲಿಯೂ ಇರುವುದಿಲ್ಲ. ಓದು ಕಡಿಮೆಯಾಗಿ ಹೀಗಾಗುವುದಿಲ್ಲ. ಹಾಳೆಯನ್ನು ತುಂಬಿದ ಕ್ರಮವೇ ತಪ್ಪಿರುತ್ತದೆ.

ಇಲ್ಲಿ ಭಾವನೆ ಹೇಗೆ ಹುಟ್ಟುತ್ತದೆ ಎಂಬುದರ ಮೂರು ಸಿದ್ಧಾಂತಗಳನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ: ಜೇಮ್ಸ್–ಲಾಂಗೆ, ಕ್ಯಾನನ್–ಬಾರ್ಡ್, ಶ್ಯಾಕ್ಟರ್–ಸಿಂಗರ್. ಈ ಮೂರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ, ಒಂದನ್ನೊಂದು ನೇರವಾಗಿ ಎದುರಿಸುತ್ತವೆ. ಹಾಗಾಗಿ ಕೆಲಸ ಕಲಿಯಲು ಇವು ಅನುಕೂಲ.

## ಏನೇನು ಬೇಕು

ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಸಿದ್ಧಾಂತಗಳು ಎಡಬದಿಯಲ್ಲಿ ಒಂದರ ಕೆಳಗೊಂದು ಬರಲಿ, ಕಾಲಂಗಳು ಮೇಲ್ಗಡೆ. ಪೆನ್ಸಿಲ್, ರಬ್ಬರ್, ಎರಡು ಬಣ್ಣದ ಪೆನ್ನು ಸಾಕು. ಕಂಪ್ಯೂಟರಿನಲ್ಲೂ ಮಾಡಬಹುದು. ಆದರೆ ಅಲ್ಲಿ ಚೌಕ ತಾನಾಗಿ ಹಿಗ್ಗುತ್ತಾ ಹೋಗುವುದರಿಂದ ನಕಲು ಮಾಡುವ ಚಪಲ ಹೆಚ್ಚು. ಕಾಗದದ ಇಕ್ಕಟ್ಟು ಇಲ್ಲಿ ಉಪಕಾರಿ.

ಪುಸ್ತಕ ಒಂದಕ್ಕಿಂತ ಹೆಚ್ಚಿರಲಿ. ಒಂದೇ ಪುಸ್ತಕದಿಂದ ಟೀಕೆಯನ್ನು ತೆಗೆದರೆ ಆ ಲೇಖಕರ ಒಲವೇ ನಿಮ್ಮ ಟಿಪ್ಪಣಿಯಾಗುತ್ತದೆ.

## ಹಂತ 1: ಪ್ರಶ್ನೆಯನ್ನು ಹಾಳೆಯ ನೆತ್ತಿಯ ಮೇಲೆ ಬರೆಯಿರಿ

ಸಿದ್ಧಾಂತದ ಹೆಸರು ಬರೆಯುವ ಮೊದಲು ಅದು ಯಾವ ಪ್ರಶ್ನೆಗೆ ಉತ್ತರ ಎಂದು ಬರೆಯಬೇಕು. ನಮ್ಮ ಹಾಳೆಯ ಮೇಲಿನ ಪ್ರಶ್ನೆ ಇದು: *ದೇಹದಲ್ಲಾಗುವ ಬದಲಾವಣೆಗೂ ಭಾವನೆಯ ಅನುಭವಕ್ಕೂ ಇರುವ ಸಂಬಂಧವೇನು, ಯಾವುದರಿಂದ ಯಾವುದು?*

"ಭಾವನೆ ಎಂದರೇನು" ಎಂದು ಬರೆದಿರೋ, ಕೆಟ್ಟಿತು. ಅಷ್ಟು ಅಗಲದ ಪ್ರಶ್ನೆಯೊಳಗೆ ಮುಖಭಾವದ ಅಧ್ಯಯನಗಳೂ ಭಾವನೆಗಳ ವರ್ಗೀಕರಣವೂ ನುಗ್ಗುತ್ತವೆ, ಸಾಲುಗಳು ಒಂದಕ್ಕೊಂದು ತಾಕುವುದೇ ಇಲ್ಲ. ಫ್ರಾಯ್ಡ್‌ನನ್ನೂ ಪಾವ್ಲೋವ್‌ನನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವವರ ಪಾಡು ಇದೇ. ಇಬ್ಬರೂ ಕೇಳಿಕೊಂಡ ಪ್ರಶ್ನೆ ಬೇರೆ, ಹೋಲಿಸಲು ಸಮಾನ ನೆಲವಿಲ್ಲ.

ಎಚ್ಚರಿಕೆಯ ಸೂಚನೆ: ಒಂದು ಸಿದ್ಧಾಂತ ಸರಿಯಾಗಿದ್ದರೂ ಇನ್ನೊಂದಕ್ಕೆ ಏನೂ ತೊಂದರೆಯಿಲ್ಲ ಎನಿಸಿದರೆ ನಿಮ್ಮ ಪ್ರಶ್ನೆ ಸಡಿಲವಾಗಿದೆ. ಇನ್ನಷ್ಟು ಬಿಗಿ ಮಾಡಿ.

## ಹಂತ 2: ಮೂಲ ವಾದದ ಕಾಲಂ ಮೇಲಿಂದ ಕೆಳಕ್ಕೆ

ಇಲ್ಲಿಂದ ಮುಂದೆ ಅಡ್ಡಸಾಲು ತುಂಬುವುದು ಬೇಡ. ಮೂರೂ ಸಿದ್ಧಾಂತಗಳ ಮೂಲ ವಾದವನ್ನು ಒಂದೇ ಸಲ ಕೂತು ಬರೆದು ಮುಗಿಸಿ, ಆಮೇಲೆ ಮುಂದಿನ ಕಾಲಂ. ಪ್ರತಿ ವಾದವೂ ಒಂದೇ ವಾಕ್ಯ. ಮೂರು ವಾಕ್ಯಗಳಲ್ಲೂ ಒಂದೇ ಸನ್ನಿವೇಶವಿರಲಿ: ಕತ್ತಲಲ್ಲಿ ನಾಯಿಯೊಂದು ಮೇಲೆ ಎಗರಿ ಬರುತ್ತದೆ.

ವಿಲಿಯಂ ಜೇಮ್ಸ್ 1884ರಲ್ಲಿ, ಕಾರ್ಲ್ ಲಾಂಗೆ 1885ರಲ್ಲಿ ಹೇಳಿದ್ದು: ನಾಯಿಯನ್ನು ಕಂಡೊಡನೆ ಎದೆ ಬಡಿಯುತ್ತದೆ, ಕಾಲು ಓಡುತ್ತದೆ, ದೇಹದ ಈ ಬದಲಾವಣೆಯ ಅರಿವೇ ಭಯ.

ವಾಲ್ಟರ್ ಕ್ಯಾನನ್ 1927ರಲ್ಲಿ ಮಂಡಿಸಿ, ಫಿಲಿಪ್ ಬಾರ್ಡ್ ಬೆಳೆಸಿದ್ದು: ಮಿದುಳಿನ ಒಳಭಾಗದಿಂದ ಸಂಕೇತ ಒಂದೇ ಹೊತ್ತಿಗೆ ಎರಡು ಕಡೆ ಹೋಗುತ್ತದೆ, ಒಂದರಿಂದ ಎದೆ ಬಡಿಯುತ್ತದೆ, ಇನ್ನೊಂದರಿಂದ ಭಯದ ಅನುಭವ, ಒಂದು ಇನ್ನೊಂದಕ್ಕೆ ಕಾರಣವಲ್ಲ.

ಸ್ಟ್ಯಾನ್ಲಿ ಶ್ಯಾಕ್ಟರ್ ಮತ್ತು ಜೆರೋಮ್ ಸಿಂಗರ್ 1962ರಲ್ಲಿ ಹೇಳಿದ್ದು: ಎದೆಬಡಿತ ಎಂಬ ಉದ್ರೇಕಕ್ಕೆ ತನ್ನದೇ ಆದ ಹೆಸರಿಲ್ಲ, ಸುತ್ತಲಿನ ಸನ್ನಿವೇಶ ನೋಡಿ ಮನಸ್ಸು ಅದಕ್ಕೆ ಹಚ್ಚುವ ವಿವರಣೆ ಸೇರಿದಾಗ ಅದು ಭಯವಾಗುತ್ತದೆ.

ಈಗ ಮೂರನ್ನೂ ಒಟ್ಟಿಗೆ ಓದಿ. ಮೊದಲನೆಯದರಲ್ಲಿ ದೇಹವೇ ಎಲ್ಲ. ಎರಡನೆಯದರಲ್ಲಿ ಅನುಭವಕ್ಕೆ ದೇಹದ ಬದಲಾವಣೆ ಬೇಕಿಲ್ಲ. ಮೂರನೆಯದರಲ್ಲಿ ದೇಹ ಬೇಕು, ಆದರೆ ಸಾಲದು. ಇಷ್ಟು ಕಣ್ಣಿಗೆ ಬಿದ್ದರೆ ಈ ಹಂತ ಆಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಯಾರೂ ಅಲ್ಲಗಳೆಯಲಾಗದ ವಾಕ್ಯ ಬರೆಯುವುದು. "ಜೇಮ್ಸ್ ಪ್ರಕಾರ ಭಾವನೆಯಲ್ಲಿ ದೇಹದ ಪಾತ್ರ ಮುಖ್ಯ" ಎಂದರೆ ಶ್ಯಾಕ್ಟರ್ ಕೂಡ ತಲೆಯಾಡಿಸುತ್ತಾನೆ, ಕ್ಯಾನನ್ನನೂ ಪೂರ್ತಿ ಬೇಡವೆನ್ನಲಾರ. ಎದುರಾಳಿ "ಇಲ್ಲ" ಎನ್ನಲು ಆಗುವಂತಿದ್ದರೆ ಮಾತ್ರ ಅದು ವಾದ.

## ಹಂತ 3: ಕವಲಿನ ಕಾಲಂ ಸೇರಿಸಿ

ಮೂಲ ವಾದಕ್ಕೂ ಪುರಾವೆಗೂ ನಡುವೆ ಒಂದು ಸಣ್ಣ ಕಾಲಂ ಎಳೆಯಿರಿ. ಪುಸ್ತಕಗಳಲ್ಲಿ ಇದು ಇರುವುದಿಲ್ಲ, ಆದರೆ ಹೋಲಿಕೆ ಹುಟ್ಟುವುದು ಇಲ್ಲೇ. ಇದರಲ್ಲಿ ಬರೆಯಬೇಕಾದದ್ದು: ಈ ಸಿದ್ಧಾಂತ ನಿಜವಾದರೆ ಏನು ಕಾಣಬೇಕು, ಪಕ್ಕದ ಸಿದ್ಧಾಂತ ನಿಜವಾದರೆ ಏನು ಕಾಣಬಾರದು?

ಎರಡು ಕವಲು ಸಾಕು. ಮೊದಲನೆಯದು: ದೇಹದಿಂದ ಮಿದುಳಿಗೆ ಬರುವ ಸುದ್ದಿ ಕಡಿದುಹೋದರೆ? ಜೇಮ್ಸ್ ಪ್ರಕಾರ ಭಾವನೆ ಮಂಕಾಗಬೇಕು. ಕ್ಯಾನನ್ ಪ್ರಕಾರ ಹಾಗೇ ಉಳಿಯಬೇಕು. ಎರಡನೆಯದು: ಯಾವ ಕಾರಣವೂ ಇಲ್ಲದೆ ಎದೆಬಡಿತ ಮಾತ್ರ ಹೆಚ್ಚಿಸಿದರೆ? ಶ್ಯಾಕ್ಟರ್ ಪ್ರಕಾರ ಸುತ್ತಲಿನ ಸನ್ನಿವೇಶಕ್ಕೆ ತಕ್ಕ ಭಾವನೆ ಬರಬೇಕು. ಕ್ಯಾನನ್ ಪ್ರಕಾರ ಭಾವನೆಯೇ ಬರಬೇಕಿಲ್ಲ.

ಈ ಕಾಲಂ ಬರೆಯಲು ಬರುತ್ತಿಲ್ಲ ಎಂದರೆ ಮುಂದಕ್ಕೆ ಹೋಗಬೇಡಿ, ಹಂತ 2ಕ್ಕೆ ಮರಳಿ. ವಾದದ ವಾಕ್ಯ ಎಲ್ಲೋ ಮೆದುವಾಗಿರುತ್ತದೆ.

## ಹಂತ 4: ಪುರಾವೆ

ಅತಿ ಹೆಚ್ಚು ಹೊತ್ತು ಹಿಡಿಯುವ ಕಾಲಂ ಇದು, ಅತಿ ಹೆಚ್ಚು ಕೆಡುವುದೂ ಇದೇ. "ಅನೇಕ ಪ್ರಯೋಗಗಳು ಇದನ್ನು ಬೆಂಬಲಿಸುತ್ತವೆ" ಎಂಬ ಸಾಲು ಎಲ್ಲಿ ಕಂಡರೂ ಅಳಿಸಿ. ಪ್ರತಿ ಪುರಾವೆಗೂ ನಾಲ್ಕು ಸಂಗತಿ ಇರಬೇಕು: ಯಾರ ಮೇಲೆ, ಏನು ಮಾಡಿದರು, ಏನನ್ನು ಅಳೆದರು, ಏನು ಸಿಕ್ಕಿತು. ಮೂರನೆಯದನ್ನು, ಅಂದರೆ ಅಳತೆಯನ್ನು, ಎಲ್ಲರೂ ಬಿಡುತ್ತಾರೆ. ಟೀಕೆ ಹುಟ್ಟುವುದು ಬಹುಪಾಲು ಅಲ್ಲಿಂದಲೇ.

ಶ್ಯಾಕ್ಟರ್–ಸಿಂಗರ್ ಚೌಕವನ್ನು ಪೂರ್ತಿಯಾಗಿ ತುಂಬಿ ನೋಡೋಣ.

*ಯಾರ ಮೇಲೆ:* ಮಿನ್ನೆಸೋಟ ವಿಶ್ವವಿದ್ಯಾಲಯದ 184 ಗಂಡು ವಿದ್ಯಾರ್ಥಿಗಳು.

*ಏನು ಮಾಡಿದರು:* ದೃಷ್ಟಿಯ ಮೇಲೆ ವಿಟಮಿನ್ ಒಂದರ ಪರಿಣಾಮ ನೋಡುತ್ತೇವೆ ಎಂದು ಹೇಳಿ ಚುಚ್ಚುಮದ್ದು ಕೊಟ್ಟರು. ಅದರಲ್ಲಿದ್ದದ್ದು ಅಡ್ರಿನಲಿನ್. ಒಂದು ಗುಂಪಿಗೆ ಎದೆ ಬಡಿಯುತ್ತದೆ, ಕೈ ನಡುಗುತ್ತದೆ ಎಂದು ನಿಜ ಹೇಳಿದರು. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಮತ್ತೊಂದಕ್ಕೆ ಕಾಲು ಜೋಮು ಹಿಡಿಯುತ್ತದೆ, ತುರಿಕೆಯಾಗುತ್ತದೆ ಎಂದು ಸುಳ್ಳು ಹೇಳಿದರು. ಕೊನೆಯ ಗುಂಪಿಗೆ ಅಡ್ರಿನಲಿನ್ ಬದಲು ಬರೀ ಉಪ್ಪುನೀರಿನ ಪ್ಲಸೀಬೊ. ಆಮೇಲೆ ಪ್ರತಿಯೊಬ್ಬನನ್ನೂ ಪ್ರಯೋಗದವರದೇ ಆಳೊಬ್ಬನ ಜೊತೆ ಕೂರಿಸಿದರು. ಒಂದು ಕೋಣೆಯಲ್ಲಿ ಅವನು ಕಾಗದದ ವಿಮಾನ ಹಾರಿಸಿ ಕುಣಿದಾಡಿದ. ಇನ್ನೊಂದು ಕೋಣೆಯಲ್ಲಿ ಅವಮಾನಕರ ಪ್ರಶ್ನಾವಳಿ ನೋಡಿ ಸಿಡಿಮಿಡಿಗೊಂಡು ಹರಿದು ಎಸೆದ.

*ಏನನ್ನು ಅಳೆದರು:* ವಿದ್ಯಾರ್ಥಿಗಳು ತಾವೇ ಹೇಳಿಕೊಂಡ ಖುಷಿ ಮತ್ತು ಸಿಟ್ಟಿನ ಮಟ್ಟ, ಮರೆಯಿಂದ ಗಮನಿಸಿದ ವರ್ತನೆ, ನಾಡಿಬಡಿತ.

*ಏನು ಸಿಕ್ಕಿತು:* ಕುಣಿದಾಟದ ಕೋಣೆಯಲ್ಲಿ, ಎದೆಬಡಿತಕ್ಕೆ ಕಾರಣ ಗೊತ್ತಿಲ್ಲದವರು ಗೊತ್ತಿದ್ದವರಿಗಿಂತ ಹೆಚ್ಚು ಖುಷಿಯಾಗಿದ್ದೇವೆ ಎಂದರು.

ಬಹಳಷ್ಟು ಟಿಪ್ಪಣಿಗಳು ಇಲ್ಲಿಗೇ ನಿಲ್ಲುತ್ತವೆ. ನಿಲ್ಲಬಾರದು. ಅದೇ ಫಲಿತಾಂಶದಲ್ಲಿ ಇನ್ನೊಂದು ಸಂಗತಿ ಇದೆ: ಪ್ಲಸೀಬೊ ಗುಂಪು ಈ ಎರಡರ ನಡುವೆ ಬಿತ್ತು, ಮತ್ತು ಅಡ್ರಿನಲಿನ್ ಪಡೆದು ಏನೂ ತಿಳಿಯದಿದ್ದವರಿಗೂ ಪ್ಲಸೀಬೊದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಉದ್ರೇಕವೇ ಬೇಕು ಎನ್ನುವ ಸಿದ್ಧಾಂತಕ್ಕೆ ಇದು ಕಾಲಡಿಯ ಮುಳ್ಳು. ಸಿಟ್ಟಿನ ಕೋಣೆಯಲ್ಲೂ ತಾವೇ ಹೇಳಿಕೊಂಡ ಭಾವನೆಯ ಸರಾಸರಿ ಸಿಟ್ಟಿನ ಕಡೆಗೆ ಇರಲಿಲ್ಲ, ತುಸು ಖುಷಿಯ ಕಡೆಗೇ ಇತ್ತು.

ಆದ್ದರಿಂದ ಪುರಾವೆಯನ್ನು ಎರಡು ಬಣ್ಣದಲ್ಲಿ ಬರೆಯಿರಿ. ವಾದಕ್ಕೆ ಒತ್ತು ಕೊಡುವ ಭಾಗ ಒಂದು ಬಣ್ಣ, ಅದೇ ಅಧ್ಯಯನದೊಳಗೆ ವಾದಕ್ಕೆ ಒಗ್ಗದ ಭಾಗ ಇನ್ನೊಂದು. ಒಂದೇ ಬಣ್ಣ ತುಂಬಿರುವ ಚೌಕ ಕಂಡರೆ ಅದು ಪುಸ್ತಕದ ಸಾರಾಂಶದಿಂದ ಇಳಿದದ್ದು ಎಂದೇ ತಿಳಿಯಿರಿ.

ಜೇಮ್ಸ್ ಸಾಲಿಗೆ ಬರೋಣ. ಮೊದಲ ಕವಲನ್ನು ನೇರವಾಗಿ ಮುಟ್ಟುವ ಅಧ್ಯಯನ 1966ರ ಹೋಮನ್‌ನದು. ಬೆನ್ನುಹುರಿಗೆ ಪೆಟ್ಟಾದ 25 ಗಂಡಸರನ್ನು ಅವನು ಮಾತಾಡಿಸಿದ. ಪೆಟ್ಟಿಗೆ ಮೊದಲು ಮತ್ತು ಆಮೇಲೆ ಭಯ, ಸಿಟ್ಟು ಹೇಗಿತ್ತು ಎಂದು ಕೇಳಿದ. ಹಾನಿ ಕುತ್ತಿಗೆಗೆ ಹತ್ತಿರವಾದಷ್ಟೂ, ಅಂದರೆ ದೇಹದ ಸುದ್ದಿ ಹೆಚ್ಚು ಕಡಿದುಹೋದಷ್ಟೂ, ಭಾವನೆ ಮಂಕಾಗಿದೆ ಎಂದರು. ಅಳತೆಯ ಜಾಗದಲ್ಲಿ "ನೆನಪಿನಿಂದ ಹೇಳಿದ್ದು" ಎಂದು ಬರೆಯಿರಿ. ಎರಡನೆಯ ಬಣ್ಣಕ್ಕೆ 1988ರ ಚ್ವಾಲಿಸ್ ಮತ್ತು ಸಂಗಡಿಗರ ಅಧ್ಯಯನ: ಬೆನ್ನುಹುರಿಗೆ ಪೆಟ್ಟಾದವರು ತೀವ್ರ ಭಾವನೆಗಳನ್ನೇ ಹೇಳಿಕೊಂಡರು.

ಕ್ಯಾನನ್ ಸಾಲು ಚಿಕ್ಕದು. ಗಾಬರಿಯಾದಾಗ ಎದೆಬಡಿತ ಏರಿಸುವ ಅನುವೇದಕ ನರಮಂಡಲವನ್ನು ಕತ್ತರಿಸಿ ತೆಗೆದ ಬೆಕ್ಕುಗಳು ನಾಯಿಯನ್ನು ಕಂಡಾಗ ಮೊದಲಿನಂತೆಯೇ ಗುರುಗುಟ್ಟಿ ಕೆರಳಿದವು. ಮಿದುಳಿನ ಹೊರಪದರ ತೆಗೆದ ಬೆಕ್ಕುಗಳಲ್ಲೂ ರೋಷ ಉಳಿಯುತ್ತದೆ, ಅದಕ್ಕೆ ಮಿದುಳಿನ ಒಳಗಿನ ಹೈಪೊಥಲಾಮಸ್ ಎಂಬ ಭಾಗ ಬೇಕು ಎಂದು ಬಾರ್ಡ್ 1928ರಲ್ಲಿ ತೋರಿಸಿದ. ಅಳೆದದ್ದು ವರ್ತನೆಯನ್ನು ಮಾತ್ರ. ಈ ಪದವನ್ನು ಅಡಿಗೆರೆ ಹಾಕಿ ಬರೆದಿಡಿ, ಮುಂದಿನ ಹಂತಕ್ಕೆ ಬೇಕು.

## ಹಂತ 5: ಟೀಕೆಗೆ ಬಾಣದ ಗುರುತು ಹಾಕಿ

ಪ್ರತಿ ಟೀಕೆಯೂ ಎಲ್ಲಿಗೋ ತಾಗಬೇಕು: ಮೂಲ ವಾದಕ್ಕೆ ಅಥವಾ ಪುರಾವೆಗೆ. ಟೀಕೆ ಬರೆದ ಕೂಡಲೇ ಅದು ಯಾವ ಚೌಕಕ್ಕೆ ತಾಗುತ್ತದೆಯೋ ಅತ್ತ ಬಾಣ ಎಳೆಯಿರಿ. ಬಾಣಕ್ಕೆ ಜಾಗ ಸಿಗದ ಟೀಕೆ ಟೀಕೆಯಲ್ಲ. "ಈ ಸಿದ್ಧಾಂತ ಏಕಮುಖಿ", "ವೈಜ್ಞಾನಿಕವಲ್ಲ", "ಮಾನವನ ಸಂಕೀರ್ಣತೆಯನ್ನು ಕಡೆಗಣಿಸುತ್ತದೆ" ಇಂಥವನ್ನು ಯಾವ ಸಿದ್ಧಾಂತದ ಮುಂದೆ ಬರೆದರೂ ನಡೆಯುತ್ತದೆ, ಆದ್ದರಿಂದ ಎಲ್ಲಿಯೂ ಬೇಡ.

ಕ್ಯಾನನ್ ಜೇಮ್ಸ್‌ಗೆ ಎತ್ತಿದ ಆಕ್ಷೇಪಗಳು ವಾದಕ್ಕೇ ತಾಗುತ್ತವೆ. ಬೇರೆ ಬೇರೆ ಭಾವನೆಗಳಲ್ಲಿ ಒಳಾಂಗಗಳ ಬದಲಾವಣೆ ಒಂದೇ ತರಹ ಇರುತ್ತದೆ, ಹಾಗಾದರೆ ಭಯವೋ ಸಿಟ್ಟೋ ಎಂದು ತಿಳಿಯುವುದು ಹೇಗೆ? ಒಳಾಂಗಗಳು ನಿಧಾನ, ಭಾವನೆ ಚುರುಕು. ಅಡ್ರಿನಲಿನ್ ಚುಚ್ಚಿದರೆ ದೇಹ ಬದಲಾಗುತ್ತದೆ, ಭಾವನೆ ಬರುವುದಿಲ್ಲ. 1924ರಲ್ಲಿ ಮರಾನ್ಯೋನ್ ಹೀಗೆ ಚುಚ್ಚಿದವರಲ್ಲಿ ಹೆಚ್ಚಿನವರು ಬರೀ ದೇಹದ ಲಕ್ಷಣಗಳನ್ನು ಹೇಳಿದರು, ಕೆಲವರು "ಭಯವಾದ ಹಾಗಿದೆ" ಎಂದರು, ಭಯವಾಗಿದೆ ಎಂದವರು ತೀರ ಕಡಿಮೆ.

ಕ್ಯಾನನ್‌ಗೆ ಬರುವ ಟೀಕೆ ಪುರಾವೆಗೆ ತಾಗುತ್ತದೆ. ಬೆಕ್ಕು ಗುರುಗುಟ್ಟಿತು ಸರಿ, ಅದಕ್ಕೆ ಸಿಟ್ಟಿನ *ಅನುಭವ* ಇತ್ತೇ? ಜೇಮ್ಸ್ ಮಾತಾಡಿದ್ದು ಅನುಭವದ ಬಗ್ಗೆ. ನೀವು ಅಡಿಗೆರೆ ಹಾಕಿದ "ವರ್ತನೆ" ಎಂಬ ಪದ ಇಲ್ಲಿ ಕೆಲಸಕ್ಕೆ ಬಂತು. ಅಳತೆ ಬರೆಯದಿದ್ದರೆ ಈ ಟೀಕೆಯನ್ನು ಬಾಯಿಪಾಠ ಮಾಡಬೇಕಾಗುತ್ತಿತ್ತು.

ಶ್ಯಾಕ್ಟರ್–ಸಿಂಗರ್‌ಗೆ ಟೀಕೆ ಮರುಪ್ರಯೋಗಗಳಿಂದ ಬಂದದ್ದು. 1979ರಲ್ಲಿ ಮಾರ್ಷಲ್ ಮತ್ತು ಜಿಂಬಾರ್ಡೊ ಅಡ್ರಿನಲಿನ್ ಕೊಟ್ಟು ನೋಡಿದಾಗ ಕುಣಿಯುವವನ ಜೊತೆ ಕೂತವರಲ್ಲಿ ಆ ಖುಷಿ ಕಾಣಲಿಲ್ಲ. ಅದೇ ವರ್ಷ ಮ್ಯಾಸ್ಲಾಕ್ ಸಂಮೋಹನದಿಂದ ಉದ್ರೇಕ ತಂದಳು. ಕಾರಣ ಗೊತ್ತಾಗದ ಉದ್ರೇಕವನ್ನು ಜನ ಕೆಟ್ಟದ್ದಾಗಿ ಅನುಭವಿಸುವ ಕಡೆಗೇ ವಾಲಿದರು. ಈ ಬಾಣ ಪುರಾವೆಯನ್ನು ದಾಟಿ ವಾದಕ್ಕೇ ಹೋಗುತ್ತದೆ. ಉದ್ರೇಕ ಬಣ್ಣವಿಲ್ಲದ ನೀರು, ಯಾವ ಪಾತ್ರೆಗೆ ಸುರಿದರೆ ಆ ಬಣ್ಣ ಎಂದಿದ್ದ ಜಾಗದಲ್ಲಿ ನೀರಿಗೇ ಸ್ವಲ್ಪ ಬಣ್ಣವಿದೆ ಎಂದಾಯಿತು.

ಬಾಣ ಎಳೆದ ಮೇಲೆ ಸಿದ್ಧಾಂತದ ಕಡೆಯವರು ಏನು ಉತ್ತರ ಕೊಡಬಹುದು ಎಂದು ಒಂದು ಸಾಲು ಸೇರಿಸಿ. ಜೇಮ್ಸ್ ಕಡೆಯವರು ಹೇಳಬಹುದು: ದೇಹ ಎಂದರೆ ಒಳಾಂಗ ಮಾತ್ರವಲ್ಲ, ಮುಖದ ಸ್ನಾಯುಗಳೂ ಇವೆ, ಅವು ಚುರುಕು. 1983ರಲ್ಲಿ ಎಕ್ಮನ್ ಮತ್ತು ಸಂಗಡಿಗರು ಸಿಟ್ಟು, ಭಯ ಮೊದಲಾದವುಗಳಲ್ಲಿ ಎದೆಬಡಿತ ಮತ್ತು ಬೆರಳಿನ ತಾಪ ಬೇರೆಬೇರೆಯಾಗಿರುವುದನ್ನು ತೋರಿಸಿದರು. ಇದು "ಎಲ್ಲ ಭಾವನೆಗೂ ದೇಹ ಒಂದೇ ತರಹ" ಎಂಬ ಆಕ್ಷೇಪಕ್ಕೆ ಉತ್ತರ. ಆದರೆ ಪೂರ್ತಿ ಗೆಲುವಲ್ಲ: 2018ರಲ್ಲಿ ಸೀಗಲ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರತಿ ಭಾವನೆಗೂ ಒಂದು ಸ್ಥಿರವಾದ ದೇಹದ ಗುರುತು ಸಿಗಲಿಲ್ಲ.

## ಹಂತ 6: ಉಪಯೋಗ, ಅದೂ ವಾದದಿಂದ ಹೊರಟದ್ದು

ಉಪಯೋಗದ ಕಾಲಂನಲ್ಲಿ "ಆಪ್ತಸಮಾಲೋಚನೆಯಲ್ಲಿ, ಶಿಕ್ಷಣದಲ್ಲಿ, ಕೆಲಸದ ಜಾಗದಲ್ಲಿ ನೆರವಾಗುತ್ತದೆ" ಎಂದು ಬರೆಯುವುದು ಹಳೆಯ ಚಾಳಿ. ಪರೀಕ್ಷಿಸಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಿದ್ಧಾಂತ ಸುಳ್ಳಾದರೆ ಈ ಉಪಯೋಗ ನಿಂತುಹೋಗುತ್ತದೆಯೇ? ನಿಲ್ಲದಿದ್ದರೆ ಅದು ಈ ಸಾಲಿಗೆ ಸೇರಿದ್ದಲ್ಲ.

ಶ್ಯಾಕ್ಟರ್ ವಾದದಿಂದ ನೇರವಾಗಿ ಹೊರಟ ಒಂದು ಉಪಯೋಗವಿದೆ. 1970ರಲ್ಲಿ ಸ್ಟಾರ್ಮ್ಸ್ ಮತ್ತು ನಿಸ್ಬೆಟ್ ನಿದ್ದೆ ಬಾರದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು, ಇದು ಮೈಯನ್ನು ಚುರುಕು ಮಾಡುತ್ತದೆ ಎಂದರು. ಹಾಸಿಗೆಯಲ್ಲಿನ ಚಡಪಡಿಕೆಗೆ ಗುಳಿಗೆಯೇ ಕಾರಣ ಎಂದುಕೊಂಡವರು ಬೇಗ ನಿದ್ದೆ ಹೋದೆವು ಎಂದರು. ಕೇಳಲು ಸೊಗಸು, ಆದರೆ ಆಮೇಲೆ ಮಾಡಿ ನೋಡಿದ ಇತರರಿಗೆ ಇದು ಸಿಗಲಿಲ್ಲ. ಉಪಯೋಗದ ಚೌಕದಲ್ಲೂ ಎರಡನೆಯ ಬಣ್ಣಕ್ಕೆ ಜಾಗವಿರಲಿ.

ಪ್ಯಾನಿಕ್ ಚಿಕಿತ್ಸೆಯ ವಿಷಯದಲ್ಲಿ ಎಚ್ಚರ ಬೇಕು. 1986ರ ಡೇವಿಡ್ ಕ್ಲಾರ್ಕ್‌ನ ವಿವರಣೆಯಂತೆ, ಎದೆಬಡಿತವನ್ನು ಹೃದಯಾಘಾತವೆಂದು ತಪ್ಪಾಗಿ ಓದಿಕೊಂಡಾಗ ಭಯ ಏರುತ್ತದೆ, ಭಯದಿಂದ ಎದೆಬಡಿತ ಇನ್ನೂ ಏರುತ್ತದೆ, ಹೀಗೆ ಸುತ್ತು. ಚಿಕಿತ್ಸೆಯಲ್ಲಿ ಆ ಓದುವಿಕೆಯನ್ನೇ ಬದಲಿಸುತ್ತಾರೆ. ಇದನ್ನು ನೇರ ಶ್ಯಾಕ್ಟರ್ ಸಾಲಿಗೆ ಹಾಕುವವರೇ ಹೆಚ್ಚು. ನನ್ನ ಮಟ್ಟಿಗೆ ಅದು "ಹೋಲುತ್ತದೆ" ಎಂಬ ಗುರುತಿನೊಡನೆ ಮಾತ್ರ ಇರಬೇಕು, ಏಕೆಂದರೆ 1962ರ ಪ್ರಯೋಗ ಪೂರ್ತಿ ಬಿದ್ದುಹೋದರೂ ಕ್ಲಾರ್ಕ್‌ನ ಚಿಕಿತ್ಸೆಗೆ ಅದರದೇ ಪುರಾವೆ ಇದೆ.

ಕ್ಯಾನನ್ ಸಾಲಿನ ಈ ಚೌಕ ಬಹುತೇಕ ಖಾಲಿ ಉಳಿದರೆ ಗಾಬರಿ ಬೇಡ. ಮಿದುಳಿನ ಯಾವ ಭಾಗ ಎಂದು ಹುಡುಕುವ ದಾರಿಯನ್ನು ಅದು ತೋರಿಸಿತು ಎಂದಷ್ಟೇ ಬರೆಯಿರಿ. ಚೌಕ ತುಂಬಿಸಬೇಕೆಂದು ಉಪಯೋಗ ಕಟ್ಟಿಕೊಳ್ಳಬೇಡಿ.

## ಹಂತ 7: ಹೆಸರು ಮುಚ್ಚಿ ಪರೀಕ್ಷೆ

ಎಡಬದಿಯ ಹೆಸರುಗಳನ್ನು ಕಾಗದದಿಂದ ಮುಚ್ಚಿ. ಯಾವುದೋ ಒಂದು ಚೌಕವನ್ನು ಓದಿ, ಅದು ಯಾವ ಸಿದ್ಧಾಂತದ್ದೆಂದು ಹೇಳಿ. ಎರಡು ಸಿದ್ಧಾಂತಗಳಿಗೆ ಹೊಂದುವ ಚೌಕ ಇನ್ನೂ ಮೆದು, ಮತ್ತೆ ಬರೆಯಬೇಕು.

ಆಮೇಲೆ ಹಾಳೆಯಿಂದ ಹೋಲಿಕೆಯ ಉತ್ತರ ಬರೆದು ನೋಡಿ. ಕವಲಿನಿಂದ ಶುರು ಮಾಡಿ, ಸಿದ್ಧಾಂತದಿಂದ ಬೇಡ. ಹೀಗೆ: "ದೇಹದ ಸುದ್ದಿ ಕಡಿದುಹೋದರೆ ಭಾವನೆ ಮಂಕಾಗಬೇಕೆಂದು ಜೇಮ್ಸ್, ಉಳಿಯಬೇಕೆಂದು ಕ್ಯಾನನ್. ಹೋಮನ್‌ನ 25 ಮಂದಿ ಜೇಮ್ಸ್ ಕಡೆಗೆ, 1988ರ ಅಧ್ಯಯನ ಕ್ಯಾನನ್ ಕಡೆಗೆ ವಾಲುತ್ತವೆ. ಎರಡರಲ್ಲೂ ಅಳತೆ ಅವರವರ ಮಾತೇ." ಒಂದೇ ಉಸಿರಿನಲ್ಲಿ ಎರಡು ಸಿದ್ಧಾಂತ, ಎರಡು ಅಧ್ಯಯನ, ಒಂದು ಮಿತಿ ಬಂದವು.

## ಹೊಸ ಸಿದ್ಧಾಂತ ಸೇರಿಸುವಾಗ

ಮುಂದೆ ರಿಚರ್ಡ್ ಲಾಜರಸ್‌ನ ಸಿದ್ಧಾಂತ ಓದುತ್ತೀರಿ: ಎದುರಿನ ಘಟನೆ ನನಗೆ ಒಳ್ಳೆಯದೋ ಕೆಟ್ಟದೋ ಎಂಬ ಅಂದಾಜು ಮೊದಲು, ಭಾವನೆ ಆಮೇಲೆ. ಇದನ್ನು ಶ್ಯಾಕ್ಟರ್ ಜೊತೆ ಬೆರೆಸುವವರು ಬಹಳ, ಎರಡರಲ್ಲೂ ಯೋಚನೆ ಇದೆಯಲ್ಲ ಎಂದು. ಹೊಸ ಸಾಲಿನ ಕವಲನ್ನು ಮೊದಲು ಬರೆಯಿರಿ, ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ. ಶ್ಯಾಕ್ಟರ್‌ನಲ್ಲಿ ಯೋಚನೆ ಉದ್ರೇಕವಾದ ಮೇಲೆ ಬರುತ್ತದೆ. ಲಾಜರಸ್‌ನಲ್ಲಿ ಅಂದಾಜೇ ಉದ್ರೇಕವನ್ನು ಹುಟ್ಟಿಸುತ್ತದೆ. ಹಾಗಾದರೆ ಅಂದಾಜನ್ನು ಬದಲಿಸಿದರೆ ದೇಹವೂ ಬದಲಾಗಬೇಕು. 1964ರಲ್ಲಿ ಲಾಜರಸ್ ಮತ್ತು ಸಂಗಡಿಗರು ನೋವಿನ ಶಸ್ತ್ರಕ್ರಿಯೆಯ ಚಿತ್ರವೊಂದನ್ನು ಬೇರೆ ಬೇರೆ ಹಿನ್ನೆಲೆ ವಿವರಣೆಯೊಂದಿಗೆ ತೋರಿಸಿದ್ದು ಇದಕ್ಕೇ. ನೋವನ್ನು ಎತ್ತಿ ಹೇಳಿದ ವಿವರಣೆ ಕೇಳಿದವರಿಗಿಂತ, ನೋವಿಲ್ಲ ಎಂದೋ ನಿರ್ಲಿಪ್ತವಾಗಿಯೋ ಹೇಳಿದ್ದನ್ನು ಕೇಳಿದವರ ಚರ್ಮದ ವಿದ್ಯುತ್ ಪ್ರತಿಕ್ರಿಯೆ ಕಡಿಮೆಯಿತ್ತು. ಅಳತೆ ಇಲ್ಲಿ ಬಾಯಿಮಾತು ಮಾತ್ರವಲ್ಲ, ದೇಹದ್ದೂ ಹೌದು. ಅದನ್ನು ಚೌಕದಲ್ಲಿ ಎದ್ದು ಕಾಣುವಂತೆ ಬರೆಯಿರಿ.

ಟೀಕೆಯ ಚೌಕಕ್ಕೆ 1980ರ ಜಯಾಂಕ್: ಒಲವು ಹುಟ್ಟಲು ಮೊದಲು ಯೋಚನೆ ಬೇಕಿಲ್ಲ ಎಂಬುದು ಅವನ ಆಕ್ಷೇಪ. ಬಾಣ ನೇರ ಮೂಲ ವಾದಕ್ಕೆ. ಅರಿವಿಗೇ ಬಾರದ ಕ್ಷಿಪ್ರ ಅಂದಾಜೂ ಅಂದಾಜೇ ಎಂದು ಲಾಜರಸ್ ಉತ್ತರ ಕೊಟ್ಟ. ಆ ಉತ್ತರದ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಇರಲಿ: ಅರಿವಿಗೆ ಬಾರದ ಅಂದಾಜು ನಡೆದಿಲ್ಲ ಎಂದು ತೋರಿಸುವುದು ಹೇಗೆ ಎಂಬುದನ್ನು ನಿಮ್ಮ ಪುಸ್ತಕ ಹೇಳುತ್ತದೆಯೇ ಎಂದು ಹುಡುಕಲು.